ಎರಡು ಗ್ರಾಫ್‌ನಲ್ಲೂ ಗೆರೆ ನೆಟ್ಟಗೆ ಕಂಡರೆ ಯಾವುದನ್ನು ನಂಬೋದು?

ಪ್ರಶ್ನೆ: ಅಗರ್ ಹಾಕಿದ ಪೆಟ್ರಿ ಡಿಶ್‌ನ ನಡುವೆ ಸೂಜಿಮೊನೆಯಷ್ಟು ಫಂಗಸ್ ಬೀಜಕಣ ಇಟ್ಟು, ದಿನಾ ಅದು ಎಷ್ಟು ಹರಡಿದೆ ಅಂತ ಅಳೆದೆ. 4ನೇ ದಿನದಿಂದ 9ನೇ ದಿನದವರೆಗೆ 720, 1240, 1990, 2790, 3880, 4980 ಚದರ ಮಿ.ಮೀ. ಬಂತು. 2 ಮತ್ತು 3ನೇ ದಿನ 82, 305 ಇತ್ತು, ತೀರಾ ಚಿಕ್ಕದು ಅಂತ ಬಿಟ್ಟೆ. ಸೆಮಿ-ಲಾಗ್‌ನಲ್ಲಿ R² 0.98, ಲಾಗ್-ಲಾಗ್‌ನಲ್ಲಿ 0.999, ಇಳಿಜಾರು 2.4. ಎರಡೂ ನೆಟ್ಟಗೇ ಕಾಣುತ್ತವೆ. ಸೂಕ್ಷ್ಮಜೀವಿಗಳು ಎಕ್ಸ್‌ಪೊನೆನ್ಶಿಯಲ್ ಆಗಿ ಬೆಳೆಯುತ್ತವೆ ಅಂತ ಪುಸ್ತಕದಲ್ಲಿದೆ. ಯಾವುದು ಸರಿ? 2.4 ಅಂದರೆ ಏನು?

ಉತ್ತರ: ನಿಮ್ಮ ಫಂಗಸ್ ಪವರ್ ಲಾ ಪ್ರಕಾರ ಬೆಳೆದಿದೆ. ಆದರೆ ಘಾತ 2.4 ಅಲ್ಲ, 2. ಇದನ್ನು ತೀರ್ಮಾನಿಸುವ ಸಾಕ್ಷಿ ನೀವು ಚಿಕ್ಕದು ಅಂತ ಬಿಟ್ಟ ಆ ಎರಡು ರೀಡಿಂಗ್‌ಗಳಲ್ಲೇ ಇದೆ. ಹೇಗೆ ಅಂತ ನಿಮ್ಮ ಅಂಕಿಗಳನ್ನೇ ಹಿಡಿದು ನೋಡೋಣ.

ಮೊದಲು ಲಾಗ್ ಅಕ್ಷ ಏನು ಮಾಡುತ್ತದೆ ಅನ್ನೋದು. ಮಾಮೂಲಿ ಅಕ್ಷದಲ್ಲಿ ಒಂದು ಸೆಂಟಿಮೀಟರ್ ಮೇಲೆ ಹೋದರೆ ಇಷ್ಟು ಕೂಡಿಸಿದ ಹಾಗೆ. ಲಾಗ್ ಅಕ್ಷದಲ್ಲಿ ಒಂದು ಸೆಂಟಿಮೀಟರ್ ಮೇಲೆ ಹೋದರೆ ಇಷ್ಟರಿಂದ ಗುಣಿಸಿದ ಹಾಗೆ. 10ರಿಂದ 20ಕ್ಕೆ ಎಷ್ಟು ದೂರವೋ 1000ದಿಂದ 2000ಕ್ಕೂ ಅಷ್ಟೇ ದೂರ. ಸೆಮಿ-ಲಾಗ್‌ನಲ್ಲಿ ಲಂಬ ಅಕ್ಷ ಮಾತ್ರ ಲಾಗ್. ಅಲ್ಲಿ ಗೆರೆ ನೆಟ್ಟಗಿದ್ದರೆ "ಪ್ರತಿ ದಿನ ಕಳೆದಾಗಲೂ ಅಳತೆ ಅದೇ ಪಟ್ಟು ಜಾಸ್ತಿಯಾಗುತ್ತದೆ" ಎಂದರ್ಥ. ಅದು ಎಕ್ಸ್‌ಪೊನೆನ್ಶಿಯಲ್. ಲಾಗ್-ಲಾಗ್‌ನಲ್ಲಿ ಎರಡೂ ಅಕ್ಷ ಲಾಗ್. ಅಲ್ಲಿ ಗೆರೆ ನೆಟ್ಟಗಿದ್ದರೆ "ಕಾಲ ದುಪ್ಪಟ್ಟಾದಾಗಲೆಲ್ಲ ಅಳತೆ ಅದೇ ಪಟ್ಟು ಜಾಸ್ತಿಯಾಗುತ್ತದೆ" ಎಂದರ್ಥ. ಅದು ಪವರ್ ಲಾ: ಅಳತೆ ಕಾಲದ ಯಾವುದೋ ಒಂದು ಘಾತದಂತೆ ಏರುತ್ತದೆ, ಗೆರೆಯ ಇಳಿಜಾರೇ ಆ ಘಾತ. ಒಂದರಲ್ಲಿ ಕಾಲವನ್ನು ಕೂಡಿಸುತ್ತೀರಿ, ಇನ್ನೊಂದರಲ್ಲಿ ಗುಣಿಸುತ್ತೀರಿ.

ಇಷ್ಟು ಬೇರೆ ಬೇರೆ ಮಾತು ಹೇಳುವ ಎರಡು ಗ್ರಾಫ್‌ಗಳು ಒಟ್ಟಿಗೇ ನೆಟ್ಟಗೆ ಕಂಡದ್ದು ಹೇಗೆ? ನಿಮ್ಮ ಕಾಲದ ಹರವು ಚಿಕ್ಕದು, ಅದಕ್ಕೆ. 4ರಿಂದ 9 ಅಂದರೆ ಎರಡೂಕಾಲು ಪಟ್ಟು, ಅಷ್ಟೇ. ಅಷ್ಟು ಸಣ್ಣ ಕಿಟಕಿಯಿಂದ ನೋಡಿದರೆ ಯಾವ ನಯವಾದ ವಕ್ರರೇಖೆಯೂ ಹೆಚ್ಚುಕಡಿಮೆ ನೆಟ್ಟಗೇ ಕಾಣುತ್ತದೆ.

R² ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಒಂದು ಲೆಕ್ಕ ಮಾಡಿ ನೋಡಿ. ಯಾವ ತಪ್ಪೂ ಇಲ್ಲದ, ಶುದ್ಧ t³ ಅಂಕಿಗಳನ್ನು, ಕಾಲ t 10ರಿಂದ 20ರವರೆಗೆ, ಬರೆಯಿರಿ. ಸೆಮಿ-ಲಾಗ್‌ನಲ್ಲಿ ಹಾಕಿ ಗೆರೆ ಎಳೆಯಿರಿ. ಮಾದರಿ ಪೂರ್ತಿ ತಪ್ಪಾಗಿದ್ದರೂ R² ಸುಮಾರು 0.99 ಬರುತ್ತದೆ. ಒಂದೇ ಸಮ ಏರುತ್ತಾ ಹೋಗುವ ಯಾವ ಅಂಕಿಗಳಿಗೂ R² ಜಾಸ್ತಿಯೇ ಬರುತ್ತದೆ. ಅದು ಅಳೆಯುವುದು ಏರಿಳಿತದ ಎಷ್ಟು ಪಾಲನ್ನು ಗೆರೆ ವಿವರಿಸುತ್ತದೆ ಅನ್ನೋದನ್ನು. ಉಳಿದ ಪಾಲಿಗೆ ಒಂದು ಆಕಾರ ಇದೆಯೋ ಇಲ್ಲವೋ ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ. ನಮಗೆ ಬೇಕಿರುವುದು ಆ ಆಕಾರವೇ.

ಹಾಗಾಗಿ ಸೆಮಿ-ಲಾಗ್ ಗೆರೆಯಿಂದ ನಿಮ್ಮ ಚುಕ್ಕೆಗಳು ಯಾವ ಕಡೆ ಸರಿದಿವೆ ಅಂತ ನೋಡಿ. ನಾನು ಲೆಕ್ಕ ಹಾಕಿದೆ. 4ನೇ ದಿನದ ಚುಕ್ಕೆ ಗೆರೆಗಿಂತ ಸುಮಾರು 12 ಶೇಕಡಾ ಕೆಳಗಿದೆ. ನಡುವಿನ ನಾಲ್ಕೂ ಮೇಲಿವೆ. 6ನೇ ದಿನದ್ದು 13 ಶೇಕಡಾದಷ್ಟು ಮೇಲೆ. 9ನೇ ದಿನದ್ದು ಮತ್ತೆ 11 ಶೇಕಡಾ ಕೆಳಗೆ. ತುದಿಗಳು ಕೆಳಗೆ, ನಡು ಮೇಲೆ: ಇದು ಕಮಾನು. ಅಳತೆಯ ತಪ್ಪಾಗಿದ್ದರೆ ಮೇಲೆ ಕೆಳಗೆ ಅಡ್ಡಾದಿಡ್ಡಿ ಚದುರಿರುತ್ತಿತ್ತು. ಗ್ರಾಫ್ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಡಗಿ ಹಲಗೆ ನೋಡುವ ಹಾಗೆ ಗೆರೆಯ ಉದ್ದಕ್ಕೂ ನೋಡಿದರೆ ಈ ಕಮಾನು ಬರಿಗಣ್ಣಿಗೇ ಕಾಣುತ್ತದೆ. ನಾನು ಈಗಲೂ ಪ್ರಿಂಟ್ ತೆಗೆದು ಹಾಗೇ ನೋಡುತ್ತೇನೆ.

ಇನ್ನೂ ಸುಲಭದ ದಾರಿಗೆ ಗ್ರಾಫೂ ಬೇಡ. ಪ್ರತಿ ದಿನದ ಅಳತೆಯನ್ನು ಹಿಂದಿನ ದಿನದ್ದರಿಂದ ಭಾಗಿಸಿ. ಎಕ್ಸ್‌ಪೊನೆನ್ಶಿಯಲ್ ಆಗಿದ್ದರೆ ಆ ಅಂಕಿ ಬದಲಾಗಬಾರದು. ನಿಮ್ಮದು 1.72, 1.60, 1.40, 1.39, 1.28. ಒಂದೇ ಸಮ ಇಳಿಯುತ್ತಿದೆ. ದುಪ್ಪಟ್ಟಾಗಲು ಹಿಡಿಯುವ ಕಾಲದ ಲೆಕ್ಕದಲ್ಲಿ ಹೇಳಿದರೆ, ಮೊದಲ ಜೋಡಿಯಲ್ಲಿ ಸುಮಾರು 1.3 ದಿನ, ಕೊನೆಯ ಜೋಡಿಯಲ್ಲಿ 2.8 ದಿನ. ಎಕ್ಸ್‌ಪೊನೆನ್ಶಿಯಲ್ ಬೆಳವಣಿಗೆಗೆ ದುಪ್ಪಟ್ಟಾಗುವ ಕಾಲ ಒಂದೇ ಇರುತ್ತದೆ. ಪವರ್ ಲಾದಲ್ಲಿ ಆ ಕಾಲವೇ ದಿನ ಕಳೆದಂತೆ ಉದ್ದವಾಗುತ್ತಾ ಹೋಗುತ್ತದೆ.

ಲಾಗ್-ಲಾಗ್ ಗ್ರಾಫ್ ಕೂಡ ಅದನ್ನೇ ಹೇಳುತ್ತದೆ, ಆದರೆ ಬಾಗು ಯಾವ ಕಡೆಗೆ ಅನ್ನೋದನ್ನು ಗಮನಿಸಬೇಕು. ಎಕ್ಸ್‌ಪೊನೆನ್ಶಿಯಲ್ ಅನ್ನು ಲಾಗ್-ಲಾಗ್‌ನಲ್ಲಿ ಹಾಕಿದರೆ ಅದು ಹೋಗ್ತಾ ಹೋಗ್ತಾ ಕಡಿದಾಗುತ್ತದೆ. ನೀವು ಸೆಮಿ-ಲಾಗ್‌ನಲ್ಲಿ ಎಳೆದ ಗೆರೆ ನಿಜವಾಗಿದ್ದರೆ, ಲಾಗ್-ಲಾಗ್‌ನಲ್ಲಿ ಇಳಿಜಾರು 4ನೇ ದಿನ ಸುಮಾರು 1.5 ಇದ್ದು, 9ನೇ ದಿನದ ಹೊತ್ತಿಗೆ 3.5ಕ್ಕೆ ಏರಬೇಕಿತ್ತು. ನಿಮ್ಮಲ್ಲಿ ಅದು ಏರುತ್ತಿಲ್ಲ, ಬದಲಿಗೆ ಸ್ವಲ್ಪ ಇಳಿಯುತ್ತಿದೆ. 4 ಮತ್ತು 5ನೇ ದಿನದ ನಡುವೆ 2.4, 8 ಮತ್ತು 9ರ ನಡುವೆ 2.1. ಈ ಇಳಿತಕ್ಕೆ ಆಮೇಲೆ ಬರುತ್ತೇನೆ. 2.4ರ ಗುಟ್ಟು ಅಲ್ಲೇ ಇದೆ.

ಈಗ ಬಿಟ್ಟ ರೀಡಿಂಗ್‌ಗಳು. ಎರಡು ಮಾದರಿಗಳು ಒಂದೇ ಕಿಟಕಿಯಲ್ಲಿ ಒಂದೇ ಥರ ಕಂಡರೆ, ಕಿಟಕಿಯ ಆಚೆ ಏನಿದೆ ಅಂತ ಕೇಳಬೇಕು. ನಿಮ್ಮ ಹತ್ತಿರ ಆಚೆಯ ಎರಡು ಚುಕ್ಕೆ ಇವೆ. ಗೆರೆ ಎಳೆಯುವಾಗ ಅವನ್ನು ಬಳಸಿರಲಿಲ್ಲ, ಆದ್ದರಿಂದ ಅವು ಇನ್ನೂ ಒಳ್ಳೆಯ ಪರೀಕ್ಷೆ. ಸೆಮಿ-ಲಾಗ್ ಗೆರೆಯನ್ನು ಹಿಂದಕ್ಕೆ ಎಳೆದರೆ 2ನೇ ದಿನ ಸುಮಾರು 380 ಚದರ ಮಿ.ಮೀ. ಇರಬೇಕು, 3ನೇ ದಿನ 560 ಹತ್ತಿರ. ನೀವು ಕಂಡದ್ದು 82 ಮತ್ತು 305. ಇದು ಚೂರುಪಾರು ವ್ಯತ್ಯಾಸ ಅಲ್ಲ. 380 ಅಂದರೆ 22 ಮಿ.ಮೀ. ಅಗಲದ ಮಚ್ಚೆ, 82 ಅಂದರೆ 10 ಮಿ.ಮೀ. ಅಗಲದ್ದು.

ಚಿಕ್ಕ ಮಚ್ಚೆಯನ್ನು ಅಳೆಯುವಾಗ ತಪ್ಪು ಜಾಸ್ತಿ ಅನ್ನುವ ನಿಮ್ಮ ಅಳುಕು ನಿಜವೇ. ಸ್ಕೇಲ್‌ನಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೆ, 10 ಮಿ.ಮೀ. ಅಗಲದ ಮಚ್ಚೆಯ ವಿಸ್ತೀರ್ಣದಲ್ಲಿ 10 ಶೇಕಡಾ ತಪ್ಪಾಗುತ್ತದೆ. 80 ಮಿ.ಮೀ. ಅಗಲದ್ದರಲ್ಲಿ ಅದೇ ಅರ್ಧ ಮಿ.ಮೀ. ಬರೀ ಒಂದು ಶೇಕಡಾ ಚಿಲ್ಲರೆ. ಲಾಗ್ ಅಕ್ಷದಲ್ಲಿ ಮೊದಲ ಚುಕ್ಕೆಗಳು ಅಷ್ಟರ ಮಟ್ಟಿಗೆ ಅಲ್ಲಾಡುತ್ತವೆ. ಆದರೆ 82 ಎನ್ನುವುದು 75 ಅಥವಾ 90 ಇದ್ದಿರಬಹುದು, ಎಷ್ಟು ಎಳೆದಾಡಿದರೂ 380 ಆಗುವುದಿಲ್ಲ. ಚುಕ್ಕೆಯನ್ನು ಬಿಡುವ ಮೊದಲು ಅದರ ತಪ್ಪು ಎಷ್ಟಿರಬಹುದು ಅಂತ ಲೆಕ್ಕ ಹಾಕಿ, ಅಷ್ಟು ಉದ್ದದ ಕಡ್ಡಿಯನ್ನು ಅದರ ಮೇಲೆ ಎಳೆದುಬಿಡಿ. ಚುಕ್ಕೆ ಚಿಕ್ಕದಾಗಿದೆ ಅನ್ನೋದು ಬಿಡಲು ಕಾರಣ ಅಲ್ಲ. ಲಾಗ್ ಗ್ರಾಫ್‌ನಲ್ಲಂತೂ ಚಿಕ್ಕ ಅಂಕಿಗಳೇ ದೂರದ ಸಾಕ್ಷಿಗಳು.

ಇಲ್ಲಿಗೆ ಎಕ್ಸ್‌ಪೊನೆನ್ಶಿಯಲ್ ಕಥೆ ಮುಗಿಯಿತು. ಹಾಗಂತ ನಿಮ್ಮ ಲಾಗ್-ಲಾಗ್ ಗೆರೆ ಗೆದ್ದಿತು ಅಂದುಕೊಳ್ಳಬೇಡಿ. ಅದನ್ನೂ ಹಿಂದಕ್ಕೆ ಎಳೆದು ನೋಡಿ. 2.4 ಇಳಿಜಾರಿನ ಆ ಗೆರೆ 2ನೇ ದಿನಕ್ಕೆ ಸುಮಾರು 138, 3ನೇ ದಿನಕ್ಕೆ 366 ಅನ್ನುತ್ತದೆ. ಕಂಡದ್ದು 82 ಮತ್ತು 305. R² 0.999 ಬಂದ ಗೆರೆ ಎರಡು ದಿನ ಹಿಂದಕ್ಕೆ ಹೋಗುವಷ್ಟರಲ್ಲಿ 70 ಶೇಕಡಾ ತಪ್ಪಿತು. ಅಂದರೆ ಅದರಲ್ಲೂ ಏನೋ ಎಡವಟ್ಟಿದೆ.

ಎಡವಟ್ಟು ಇರುವುದು ಸೊನ್ನೆಯಲ್ಲಿ. ನೀವು ದಿನಗಳನ್ನು ಬೀಜಕಣ ಇಟ್ಟ ಹೊತ್ತಿನಿಂದ ಎಣಿಸಿದ್ದೀರಿ. ಬೀಜಕಣ ಇಟ್ಟ ಕೂಡಲೇ ಹರಡುವುದಿಲ್ಲ. ಅದು ನೀರು ಹೀರಿ ಉಬ್ಬಬೇಕು, ಮೊಳೆಯಬೇಕು, ಮೊದಲ ಎಳೆಗಳನ್ನು ಹೊರಡಿಸಬೇಕು. ಫಂಗಸ್‌ನ ಗಡಿಯಾರ ತಡವಾಗಿ ಶುರುವಾಗಿದೆ. ಸೆಮಿ-ಲಾಗ್‌ನಲ್ಲಿ ಇದರಿಂದ ತೊಂದರೆ ಇಲ್ಲ. ಕಾಲವನ್ನು ಒಂದು ದಿನ ಸರಿಸಿದರೆ ಇಡೀ ಗೆರೆ ಪಕ್ಕಕ್ಕೆ ಸರಿಯುತ್ತದೆ, ಇಳಿಜಾರು ಹಾಗೇ ಇರುತ್ತದೆ. ಎಕ್ಸ್‌ಪೊನೆನ್ಶಿಯಲ್‌ಗೆ "ಶುರು" ಅನ್ನುವುದೇ ಇಲ್ಲ, ಯಾವ ಹೊತ್ತಿನಿಂದ ಎಣಿಸಿದರೂ ಅದಕ್ಕೆ ಒಂದೇ. ಪವರ್ ಲಾಗೆ ಹಾಗಲ್ಲ. "ಕಾಲ ದುಪ್ಪಟ್ಟಾದಾಗ" ಅನ್ನಬೇಕಾದರೆ ಎಲ್ಲಿಂದ ಎಣಿಸಿದ ಕಾಲ ಅನ್ನೋದು ಗೊತ್ತಿರಬೇಕು. 4ನೇ ದಿನದಿಂದ 8ನೇ ದಿನ ದುಪ್ಪಟ್ಟು. ಆದರೆ ನಿಜವಾದ ಶುರು 1ನೇ ದಿನವಾಗಿದ್ದರೆ ಅದು 3ರಿಂದ 7, ದುಪ್ಪಟ್ಟಿಗಿಂತ ಜಾಸ್ತಿ. ಫಂಗಸ್‌ಗೆ ಎರಡೂಕಾಲು ಪಟ್ಟಿಗಿಂತ ಜಾಸ್ತಿ ಕಾಲ ಸಿಕ್ಕಿದೆ, ನಿಮ್ಮ ಅಕ್ಷ ಎರಡೇ ಪಟ್ಟು ಅನ್ನುತ್ತಿದೆ. ಆ ಹೆಚ್ಚುವರಿ ಎಲ್ಲ ಇಳಿಜಾರಿನ ಲೆಕ್ಕಕ್ಕೆ ಬೀಳುತ್ತದೆ.

ಲೆಕ್ಕದಲ್ಲೇ ಹೇಳಿದರೆ, ನಿಜವಾದ ನಿಯಮ (t − 1)² ಆಗಿದ್ದು ನೀವು t ಎದುರು ಲಾಗ್-ಲಾಗ್ ಹಾಕಿದರೆ, ಯಾವುದೇ ಹೊತ್ತಿನ ಇಳಿಜಾರು 2t/(t − 1) ಆಗುತ್ತದೆ. 4ನೇ ದಿನ 2.67, 9ನೇ ದಿನ 2.25. ಕಾಲ ಕಳೆದಂತೆ ನಿಧಾನವಾಗಿ 2ರ ಕಡೆಗೆ ಇಳಿಯುತ್ತದೆ. ಆ ಆರು ದಿನಗಳ ಸರಾಸರಿಯೇ ನಿಮ್ಮ 2.4. ಮೇಲೆ ಹೇಳಿದ ಇಳಿತ ಇದೇ. 2ನೇ ಮತ್ತು 3ನೇ ದಿನದ ನಡುವಿನ ಇಳಿಜಾರು ನೋಡಿದರೆ 3.2 ಇದೆ. 3.2ರಿಂದ 2.1ಕ್ಕೆ ಜಾರುವ ಅಂಕಿಯನ್ನು "ಘಾತ" ಅಂತ ಕರೆಯೋದು ಹೇಗೆ?

ಇದರಲ್ಲಿ ನಾನೂ ಎಡವಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಇಂಥದ್ದೇ ಪ್ರಯೋಗದಲ್ಲಿ ಚಿಲ್ಲರೆ ಘಾತ ಬಂತು. ಅದಕ್ಕೊಂದು ಘನವಾದ ಅರ್ಥ ಇರಲೇಬೇಕು ಅಂತ ಎರಡು ವಾರ ಓದಿದೆ, ಫ್ರ್ಯಾಕ್ಟಲ್ ತನಕ ಹೋಗಿ ಬಂದೆ. ಕೊನೆಗೆ ಗೊತ್ತಾಗಿದ್ದು ಇಷ್ಟೇ: ನಾನು ಸೋಮವಾರದಿಂದ ಎಣಿಸಿದ್ದೆ, ಫಂಗಸ್ ಮಂಗಳವಾರದಿಂದ ಎಣಿಸಿತ್ತು.

ಹಾಗಾದರೆ ಶುರುವಿನ ಹೊತ್ತನ್ನು ಕಂಡುಹಿಡಿಯುವುದು ಹೇಗೆ? ಲಾಗ್-ಲಾಗ್ ಗೆರೆ ನೆಟ್ಟಗಾಗುವ ತನಕ ದಿನವನ್ನು ಹಿಂದೆ ಮುಂದೆ ಸರಿಸಬಹುದು. ಆದರೆ ಅದು ಜಾರುವ ನೆಲ. ಶುರು 0 ಅಂದರೆ ಘಾತ 2.40, R² 0.9993. ಶುರು 1 ಅಂದರೆ ಘಾತ 1.98, R² 0.9997. ಆರೇ ಚುಕ್ಕೆಗಳಿದ್ದಾಗ ಈ ಎರಡರಲ್ಲಿ ಆರಿಸಲು R² ಕೈಲಿ ಸಾಧ್ಯವಿಲ್ಲ. ಘಾತ ಮತ್ತು ಶುರು ಒಂದರ ತಪ್ಪನ್ನು ಇನ್ನೊಂದು ಮುಚ್ಚಿಹಾಕುತ್ತವೆ.

ಇಲ್ಲಿ ನಾನು ಲಾಗ್ ಬಿಟ್ಟು ಮಾಮೂಲಿ ಗ್ರಾಫ್‌ಗೆ ವಾಪಸ್ ಬರುತ್ತೇನೆ. ಘಾತ 2 ಇರಬಹುದು ಅನ್ನುವ ಅನುಮಾನ ಇದ್ದರೆ, ವಿಸ್ತೀರ್ಣದ ವರ್ಗಮೂಲವನ್ನು ದಿನದ ಎದುರು ಹಾಕಿ. ಅನುಮಾನ ಸರಿಯಿದ್ದರೆ ನೆಟ್ಟನೆ ಗೆರೆ ಬರಬೇಕು. ಅದು ಸೊನ್ನೆಯನ್ನು ಎಲ್ಲಿ ಮುಟ್ಟುತ್ತದೋ ಅದೇ ಶುರು. ಮಾಮೂಲಿ ಅಕ್ಷದಲ್ಲಿ ಶುರು ಎಲ್ಲಿದ್ದರೂ ಗೆರೆ ನೆಟ್ಟಗೇ ಇರುತ್ತದೆ, ಹಾಗಾಗಿ ಅದನ್ನು ಮೊದಲೇ ಊಹಿಸುವ ಗೋಜಿಲ್ಲ.

```python
import numpy as np
t = np.array([2, 3, 4, 5, 6, 7, 8, 9])
A = np.array([82, 305, 720, 1240, 1990, 2790, 3880, 4980])
print(A[1:] / A[:-1])          
print(np.diff(np.sqrt(A)))     
print(np.polyfit(t[2:], np.sqrt(A[2:]), 1))
```

ಮೊದಲ ಸಾಲು ದಿನದಿನದ ಅನುಪಾತ ಕೊಡುತ್ತದೆ. ಎಂಟೂ ರೀಡಿಂಗ್ ಸೇರಿಸಿದರೆ ಅದು 3.72ರಿಂದ 1.28ಕ್ಕೆ ಬೀಳುತ್ತದೆ. ಎರಡನೆಯದು ವರ್ಗಮೂಲದ ದಿನದಿನದ ಏರಿಕೆ: 8.4, 9.4, 8.4, 9.4, 8.2, 9.5, 8.3. ಇದು ಬೀಳುತ್ತಿಲ್ಲ, ಏರುತ್ತಿಲ್ಲ, 8.8ರ ಆಚೀಚೆ ನಿಂತಿದೆ. ನಮಗೆ ಬೇಕಿದ್ದ ನೆಟ್ಟನೆ ಗೆರೆ ಇದೇ. ಮೂರನೆಯದು ನೀವು ಮೊದಲು ಬಳಸಿದ ಆರೇ ಚುಕ್ಕೆಗಳಿಗೆ ಗೆರೆ ಹೊಂದಿಸುತ್ತದೆ. ಅದು ಕೊಡುವ ಎರಡು ಅಂಕಿಗಳಲ್ಲಿ ಇಳಿಜಾರು 8.8, ಸ್ಥಿರಾಂಕ −8.5. 8.5 ಅನ್ನು 8.8ರಿಂದ ಭಾಗಿಸಿದರೆ ಗೆರೆ ಸೊನ್ನೆ ಮುಟ್ಟುವುದು 0.97ನೇ ದಿನ. ಅಂದರೆ ಶುರುವಿಗೆ ಹೆಚ್ಚುಕಡಿಮೆ ಒಂದು ದಿನ ತಡ.

ಈಗ ಅದೇ ಪರೀಕ್ಷೆ ಮತ್ತೊಮ್ಮೆ. ಒಂದು ದಿನ ಕಳೆದು, ಆ ಆರು ಚುಕ್ಕೆಗಳಿಗೆ ಲಾಗ್-ಲಾಗ್ ಗೆರೆ ಎಳೆದು ಹಿಂದಕ್ಕೆ ಹೋದರೆ, 2ನೇ ದಿನಕ್ಕೆ 81, 3ನೇ ದಿನಕ್ಕೆ 319 ಬರುತ್ತದೆ. ಕಂಡದ್ದು 82, 305. ಸ್ಕೇಲ್‌ನ ತಪ್ಪಿನ ಒಳಗೇ ಇದೆ. ಮೂರು ಗೆರೆಗಳೂ ಅದೇ ಆರು ಚುಕ್ಕೆಗಳಿಗೆ ಹೊಂದಿದ್ದವು. ಹೊರಗಿನ ಎರಡು ಚುಕ್ಕೆಗಳಿಗೆ ಹೊಂದಿದ್ದು ಒಂದೇ.

ಇನ್ನೊಂದು ವಿಷಯ. ಆ ಏರಿಕೆಗಳನ್ನು ಮತ್ತೆ ನೋಡಿ: 8.4, 9.4, 8.4, 9.4. ಒಂದು ದಿನ ಕಮ್ಮಿ, ಮರುದಿನ ಜಾಸ್ತಿ. ಒಂದು ರೀಡಿಂಗ್ ಸ್ವಲ್ಪ ಮೇಲೆ ಹೋದರೆ ಅದರ ಹಿಂದಿನ ಏರಿಕೆ ದೊಡ್ಡದಾಗಿ, ಮುಂದಿನದು ಚಿಕ್ಕದಾಗುವುದು ಸಹಜ. ಆದರೆ ಏಳು ಸಲವೂ ತಪ್ಪದೆ ಹೀಗಾಗಿದೆ. ನೀವು ದಿನ ಬಿಟ್ಟು ದಿನ ಬೇರೆ ಹೊತ್ತಿಗೆ ಅಳೆಯುತ್ತಿದ್ದಿರಾ? ಒಂದು ದಿನ ಬಿಟ್ಟು ಒಂದು ದಿನ ಸುಮಾರು ಒಂದೂವರೆ ಗಂಟೆ ತಡವಾದರೆ ಸರಿಯಾಗಿ ಇದೇ ಅಂಕಿ ಬರುತ್ತದೆ. ನೋಟ್‌ಬುಕ್‌ನಲ್ಲಿ ಗಂಟೆ ಬರೆದಿದ್ದರೆ ದಿನದ ಬದಲು ಗಂಟೆಯನ್ನೇ ಹಾಕಿ. ಏರಿಕೆ ಒಂದೇ ಸಮ ಆಗುತ್ತದೆ ಅಂತ ನನ್ನ ಊಹೆ. ಲಾಗ್ ಗ್ರಾಫ್‌ನಲ್ಲಿ ಇದು ಕಂಡಿರಲೇ ಇಲ್ಲ. ಅದು ಎಲ್ಲವನ್ನೂ ಅಮುಕಿ ನಯ ಮಾಡಿಬಿಡುತ್ತದೆ.

ಈಗ ಇದಕ್ಕೆಲ್ಲ ಕಾರಣ. ಗ್ರಾಫ್ ಆಕಾರ ತೋರಿಸುತ್ತದೆ, ಆಕಾರ ಯಾಕೆ ಹಾಗಿದೆ ಅನ್ನೋದನ್ನು ಬೇರೆ ಕಡೆಯಿಂದ ತರಬೇಕು. ಎಕ್ಸ್‌ಪೊನೆನ್ಶಿಯಲ್ ಆಗಬೇಕಾದರೆ ಇರುವುದೆಲ್ಲವೂ ಬೆಳವಣಿಗೆಗೆ ಕೈ ಹಚ್ಚಬೇಕು. ಆಡಿಸುತ್ತಿರುವ ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾಗಳಲ್ಲಿ ಹೀಗೇ ಆಗುತ್ತದೆ. ಪ್ರತಿಯೊಂದಕ್ಕೂ ಊಟ ಸಿಗುತ್ತದೆ, ಪ್ರತಿಯೊಂದೂ ಒಡೆದು ಎರಡಾಗುತ್ತದೆ. ಒಳ್ಳೆಯ ಪೋಷಣೆ, ಹಿತವಾದ ಶಾಖ ಇದ್ದರೆ ಇ. ಕೊಲೈ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ನಿಮ್ಮ ಪುಸ್ತಕ ಹೇಳುತ್ತಿರುವುದು ಅದನ್ನು. ಅದು ಸುಳ್ಳಲ್ಲ, ನಿಮ್ಮ ತಟ್ಟೆಯ ಮಾತು ಅಲ್ಲ, ಅಷ್ಟೇ.

ಅಗರ್ ಮೇಲೆ ಹರಡುವ ಫಂಗಸ್‌ನಲ್ಲಿ ಹೊರಕ್ಕೆ ನುಗ್ಗುವುದು ಅಂಚು ಮಾತ್ರ. ಎಳೆಗಳು ತುದಿಯಲ್ಲಿ ಉದ್ದವಾಗುತ್ತವೆ. ನಡುವಿನ ಭಾಗ ತನ್ನ ಕೆಳಗಿನ ಪೋಷಣೆಯನ್ನು ತಿಂದು ಮುಗಿಸಿರುತ್ತದೆ, ಅದರ ಸುತ್ತ ಖಾಲಿ ಜಾಗವೂ ಇಲ್ಲ. ಅದು ಎಷ್ಟಿದ್ದರೂ ಹರಡುವಿಕೆಗೆ ಲೆಕ್ಕಕ್ಕಿಲ್ಲ. ಅಂಚು ಒಂದೇ ವೇಗದಲ್ಲಿ ಹೊರಕ್ಕೆ ಹೋದರೆ ತ್ರಿಜ್ಯ ದಿನಕ್ಕೆ ಇಷ್ಟು ಅಂತ ಕೂಡುತ್ತದೆ, ವಿಸ್ತೀರ್ಣ ಅದರ ವರ್ಗದಂತೆ ಏರುತ್ತದೆ. ನಿಮ್ಮ 2 ಬಂದದ್ದು ಇಲ್ಲಿಂದ. 8.8 ಅನ್ನು π ವರ್ಗಮೂಲದಿಂದ, ಅಂದರೆ 1.77ರಿಂದ ಭಾಗಿಸಿದರೆ ಅಂಚಿನ ವೇಗ ಸಿಗುತ್ತದೆ: ದಿನಕ್ಕೆ ಹತ್ತಿರ ಹತ್ತಿರ 5 ಮಿ.ಮೀ. ವರದಿಯಲ್ಲಿ 2.4ರ ಬದಲು ಬರೆಯಬೇಕಾದ ಅಂಕಿ ಇದು.

ತೀರಾ ಮೊದಲ ಹಂತದಲ್ಲಿ, ಮೊಳೆತ ಬೀಜಕಣ ಇನ್ನೂ ಕೆಲವೇ ಎಳೆಗಳಷ್ಟಿರುವಾಗ, ಎಲ್ಲ ಕಡೆಯೂ ಕವಲೊಡೆಯುತ್ತದೆ. ಆಗ ಎಳೆಗಳ ಒಟ್ಟು ಉದ್ದ ಎಕ್ಸ್‌ಪೊನೆನ್ಶಿಯಲ್ ಆಗಿಯೇ ಏರುತ್ತದೆ. ಅದನ್ನು ನೋಡಲು ಸೂಕ್ಷ್ಮದರ್ಶಕ ಬೇಕು, ಸ್ಕೇಲ್‌ಗೆ ಸಿಗುವುದಿಲ್ಲ. ನಿಮ್ಮ ಮೊದಲ ದಿನದ "ತಡ"ದೊಳಗೆ ಅದೆಲ್ಲ ನಡೆದುಹೋಗಿದೆ. ಅದೇ ಫಂಗಸ್ ದ್ರವದಲ್ಲಿ ಉಂಡೆ ಉಂಡೆಯಾಗಿ ಬೆಳೆದರೆ ಹೊರಪದರ ಮಾತ್ರ ಬೆಳೆಯುತ್ತದೆ. ಆಗ ತೂಕದ ಘನಮೂಲ ನೆಟ್ಟಗೆ ಏರುತ್ತದೆ, ಘಾತ 3.

ಅಂಚಿನಂಥದ್ದು ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಏಡ್ಸ್ ಪ್ರಕರಣಗಳ ಒಟ್ಟು ಸಂಖ್ಯೆ ಎಕ್ಸ್‌ಪೊನೆನ್ಶಿಯಲ್ ಆಗಿ ಅಲ್ಲ, ಕಾಲದ ಘನದಂತೆ ಏರಿತ್ತು. 1989ರಲ್ಲಿ ಇದನ್ನು ವಿವರಿಸಿದವರು ಕೊಟ್ಟ ಕಾರಣವೂ ನಿಮ್ಮ ತಟ್ಟೆಯ ಕಾರಣಕ್ಕೆ ದೂರದ ನೆಂಟ. ಎಲ್ಲರೂ ಎಲ್ಲರಿಗೂ ಸೋಂಕು ಹರಡುತ್ತಿರಲಿಲ್ಲ. ಅಪಾಯ ಹೆಚ್ಚಿರುವ ಗುಂಪಿನಿಂದ ಕಮ್ಮಿ ಇರುವ ಗುಂಪಿನ ಕಡೆಗೆ ಸೋಂಕು ಅಲೆಯಂತೆ ಸಾಗುತ್ತಿತ್ತು.

ಮುಂದಿನ ಸಲ ಮಾಡುವಾಗ ಎರಡು ಮೂರು ಸಂಗತಿ ನೆನಪಿರಲಿ. ಮೊದಲ ದಿನದ ರೀಡಿಂಗ್ ಸೊನ್ನೆ ಇರುತ್ತದೆ, ಸೊನ್ನೆಗೆ ಲಾಗ್ ಇಲ್ಲ. ಹಾಗಂತ ಎಲ್ಲ ಅಂಕಿಗಳಿಗೂ ಸುಮ್ನೆ 1 ಕೂಡಿಸುವ ಅಭ್ಯಾಸ ಕೆಲವರಿಗಿದೆ. ಬೇಡ. ಚದರ ಮಿ.ಮೀ.ನಲ್ಲಿ 82 ಎನ್ನುವುದು 83 ಆದರೆ ಏನೂ ಆಗದು. ಅದನ್ನೇ ಚದರ ಸೆಂ.ಮೀ.ನಲ್ಲಿ ಬರೆದರೆ 0.82, ಅದು 1.82 ಆಗಿ ದುಪ್ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಗೆರೆಯ ಆಕಾರ ಅಳತೆಯ ಮಾನದ ಮೇಲೆ ನಿಂತರೆ ಆ ಗೆರೆಗೆ ಬೆಲೆ ಇಲ್ಲ. ಸೊನ್ನೆಯನ್ನು ಲಾಗ್ ಗ್ರಾಫ್‌ನಿಂದ ಬಿಟ್ಟು, ಬಿಟ್ಟಿದ್ದೇನೆ ಅಂತ ಪಕ್ಕದಲ್ಲಿ ಬರೆಯಿರಿ.

ಸೂಜಿಮೊನೆಯ ಬದಲು ಅಗರ್‌ನ ಚಿಕ್ಕ ಬಿಲ್ಲೆಯಿಂದ ಶುರುಮಾಡಿದರೆ ಸೊನ್ನೆ ಇನ್ನೊಂದು ದಿಕ್ಕಿಗೆ ಸರಿಯಬಹುದು. ಬಿಲ್ಲೆ 6 ಮಿ.ಮೀ. ಅಗಲ ಇದ್ದು ಕೂಡಲೇ ಬೆಳೆಯತೊಡಗಿದರೆ, ಮೊದಲ ದಿನವೇ 3 ಮಿ.ಮೀ. ತ್ರಿಜ್ಯ ಪುಕ್ಕಟೆ ಸಿಕ್ಕ ಹಾಗೆ. ದಿನಕ್ಕೆ 5 ಮಿ.ಮೀ. ವೇಗದಲ್ಲಿ ಅದು 0.6 ದಿನದ ಮುಂಗಡ. ಆಗ ಲಾಗ್-ಲಾಗ್ ಇಳಿಜಾರು 2ಕ್ಕಿಂತ ಕಮ್ಮಿ ಬಂದು, ಆಮೇಲೆ 2ರ ಕಡೆಗೆ ಏರುತ್ತದೆ. ವರ್ಗಮೂಲದ ಗ್ರಾಫ್ ಆಗಲೂ ನೆಟ್ಟಗೇ ಇರುತ್ತದೆ.

ಕೊನೆಯದಾಗಿ, 90 ಮಿ.ಮೀ. ಅಗಲದ ತಟ್ಟೆಯಲ್ಲಿ ದಿನಕ್ಕೆ 5 ಮಿ.ಮೀ. ಹೋಗುವ ಅಂಚು ನಿಮ್ಮ ಲೆಕ್ಕದ 10ನೇ ದಿನಕ್ಕೆ ಗೋಡೆ ಮುಟ್ಟುತ್ತದೆ. 10 ಅಥವಾ 11ನೇ ದಿನದ ರೀಡಿಂಗ್ ನಿಮ್ಮ ಹತ್ತಿರ ಇದ್ದರೆ ಅದನ್ನು ಈ ಗೆರೆಗೆ ಸೇರಿಸಬೇಡಿ. ಅಲ್ಲಿ ಅಳೆದದ್ದು ತಟ್ಟೆಯನ್ನು, ಫಂಗಸ್ ಅನ್ನಲ್ಲ.